‘ಇಳಿಸ್ಲಾ ಬೇಡ್ವಾ ಹೇಳ್ರಿ ಸರ್’: ವಾಟ್ಸಾಪ್ ಮಾತನ್ನು ಆಫೀಸಿನ ಮೇಲ್ ಮಾಡುವ ಬಗೆ

ದಾವಣಗೆರೆಯ ಒಂದು ಮೆಕ್ಕೆಜೋಳದ ಗೋಡೌನ್ ಅಂದುಕೊಳ್ಳಿ. ಅಲ್ಲಿನ ಸೂಪರ್‌ವೈಸರ್‌ಗೆ ಮ್ಯಾನೇಜರ್ ಇರುವುದು ಬೆಂಗಳೂರಿನ ಹೆಡ್ ಆಫೀಸಿನಲ್ಲಿ. ದಿನದ ಮಾತುಕತೆಯೆಲ್ಲ ವಾಟ್ಸಾಪಿನಲ್ಲೇ. 2025ರ ನವೆಂಬರ್ 13, ಗುರುವಾರ ಸಂಜೆ 6.40ಕ್ಕೆ ಸೂಪರ್‌ವೈಸರ್ ಒಂದರ ಹಿಂದೊಂದು ಹೀಗೆ ಕಳಿಸುತ್ತಾರೆ:

> ಸರ್ ದುರ್ಗದ ಲೋಡ್ 4127 ಮಧ್ಯಾಹ್ನ ಮೂರೂವರೆಗೆ ಬಂತು ನೋಡ್ರಿ 😓
>
> ಬೆಳಿಗ್ಗೆನೇ ಬರ್ಬೇಕಿತ್ತು, ಭರಮಸಾಗರದ ಹತ್ರ ಪಂಚರ್ ಆಗಿತ್ತಂತೆ
>
> 300 ಚೀಲ ಐತೆ, ಹತ್ರತ್ರ 180 ಇಳಿಸಿದಾರೆ. ಹಮಾಲರು 6ಕ್ಕೆ ಹೊರಟ್ರು, ಬೆಳಿಗ್ಗೆ 8ಕ್ಕೆ ಬರ್ತಾರೆ
>
> ಮಾಯಿಶ್ಚರ್ ನೋಡ್ದೆ, ಕೆಲವು ಚೀಲ 16ರ ಮೇಲೆ ಬರ್ತೈತೆ
>
> ಉಳಿದಿದ್ದು ಇಳಿಸ್ಲಾ ಬೇಡ್ವಾ ಹೇಳ್ರಿ ಸರ್, ಡ್ರೈವರ್ ಕೂಗಾಡ್ತಿದಾನೆ
>
> ಆಮೇಲೆ ನಾಡಿದ್ದು ನಾ ಬರಲ್ಲ ಸರ್, ಹರಿಹರದಾಗೆ ಮದುವೆ ಐತೆ. ಆ ಹುಡುಗಂಗೆ ಹೇಳಿದೀನಿ, ನೋಡ್ಕೊಳ್ತಾನೆ 🙏

ಮ್ಯಾನೇಜರ್ ಉತ್ತರ ಒಂದೇ ಸಾಲು: ‘ಇದನ್ನೇ ಒಂದು ಮೇಲ್ ಹಾಕಿ, ಪರ್ಚೇಸ್‌ನವರಿಗೂ ಸಿಸಿ ಇರಲಿ.’

ಹೀಗೆ ಕೇಳಲು ಕಾರಣವಿದೆ. ತೇವಾಂಶ ಹೆಚ್ಚು ಬಂದರೆ ಮಾಲು ಕೊಟ್ಟವರ ಬಿಲ್ಲಿನಲ್ಲಿ ಕಡಿತ ಹಾಕಬೇಕಾಗಬಹುದು, ತಿಂಗಳಾದ ಮೇಲೆ ಅಕೌಂಟ್ಸ್‌ನವರು ಅದಕ್ಕೆ ಆಧಾರ ಕೇಳಬಹುದು. ವಾಟ್ಸಾಪಿನಲ್ಲಿ ತಾನಾಗಿ ಅಳಿಯುವ ಸಂದೇಶದ ಸೆಟ್ಟಿಂಗ್ ಹಾಕಿದ್ದರೆ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಎಲ್ಲವೂ ಮಾಯ. ಸ್ಕ್ರೀನ್‌ಶಾಟ್ ತೆಗೆದು ಮೇಲ್‌ಗೆ ಅಂಟಿಸುವವರಿದ್ದಾರೆ. ಆದರೆ ಆ ಚಿತ್ರದೊಳಗಿನ ‘4127’ ಮೇಲ್‌ಬಾಕ್ಸಿನಲ್ಲಿ ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ, ಪರ್ಚೇಸ್‌ನವರಿಗೆ ಬೇಡದ ಮದುವೆ ವಿಷಯವೂ ಅದರ ಜೊತೆಗೇ ಹೋಗುತ್ತದೆ.

‘ಇದನ್ನೇ’ ಅಂದಿದ್ದಾರೆ ಮ್ಯಾನೇಜರ್. ಕಷ್ಟವಿರುವುದು ಅಲ್ಲೇ. ಹೇಳಿದ್ದು ಬಿಟ್ಟುಹೋಗಬಾರದು, ಹೇಳದ್ದು ಸೇರಬಾರದು, ಆದರೂ ಆ ಸಂಜೆ ಗೋಡೌನಿನಲ್ಲಿ ಏನಾಯಿತೆಂದು ಗೊತ್ತೇ ಇಲ್ಲದವರು ಓದಿದರೆ ಅರ್ಥವಾಗಬೇಕು.

ಮೊದಲು ಪ್ರಶ್ನೆ ಹುಡುಕಿ

ವಾಟ್ಸಾಪಿನಲ್ಲಿ ನಾವು ನಡೆದ ಕ್ರಮದಲ್ಲೇ ಹೇಳಿಕೊಂಡು ಹೋಗುತ್ತೇವೆ: ಲಾರಿ ಬಂತು, ಪಂಚರ್ ಆಗಿತ್ತು, ಇಳಿಸಿದರು, ಅಳೆದೆ. ಕೇಳಬೇಕಾದ್ದು ಬರುವುದು ಐದನೇ ಸಂದೇಶಕ್ಕೆ. ಮೇಲ್‌ನಲ್ಲಿ ಅದು ತಲೆಕೆಳಗಾಗಬೇಕು. ಮೇಲಿನ ಆರು ಸಂದೇಶಗಳಲ್ಲಿ ಮ್ಯಾನೇಜರ್ ಉತ್ತರ ಕೊಡಲೇಬೇಕಾದ ವಿಷಯ ಎರಡೇ: ಉಳಿದ ಚೀಲ ಇಳಿಸುವುದೋ ಬೇಡವೋ, ಶನಿವಾರದ ರಜೆ ಆಗುತ್ತದೋ ಇಲ್ಲವೋ. ಉಳಿದದ್ದೆಲ್ಲ ಈ ಎರಡಕ್ಕೆ ಹಿನ್ನೆಲೆ.

ಎರಡು ಪ್ರಶ್ನೆ ಅಂದಮೇಲೆ ಎರಡು ಮೇಲ್. ಇದು ಶಿಸ್ತಿಗಾಗಿ ಹೇಳುವ ಮಾತಲ್ಲ. ಲೋಡಿನ ಮೇಲ್ ಪರ್ಚೇಸ್‌ಗೆ ಹೋಗಿ, ಅಲ್ಲಿಂದ ಮಾಲು ಕೊಟ್ಟವರಿಗೆ ಫಾರ್ವರ್ಡ್ ಆಗಬಹುದು. ರಜೆಯ ಮೇಲ್ ಎಚ್‌ಆರ್ ಕಡೆಗೆ ಹೋಗುತ್ತದೆ. ಎರಡನ್ನೂ ಒಂದರಲ್ಲೇ ತುರುಕಿದರೆ ಮ್ಯಾನೇಜರ್ ‘ಓಕೆ’ ಅಂದದ್ದು ಇಳಿಸುವುದಕ್ಕೋ ರಜೆಗೋ ಎಂಬ ಗೊಂದಲ ಉಳಿಯುತ್ತದೆ. ನಿಜಕ್ಕೂ ಹೆಚ್ಚು ಎಡವಟ್ಟಾಗುವುದು ಈ ಎರಡಕ್ಷರದ ‘ಓಕೆ’ಯಲ್ಲೇ.

ಮಾತಿನಲ್ಲಿ ಅಡಗಿದ್ದನ್ನು ಬಿಡಿಸುವುದು

ಚಾಟಿನಲ್ಲಿ ಅರ್ಧ ವಿಷಯ ಇಬ್ಬರ ತಲೆಯಲ್ಲೇ ಇರುತ್ತದೆ. ‘ನಾಡಿದ್ದು’ ಎಂದರೆ ಗುರುವಾರ ಓದಿದವರಿಗೆ ಶನಿವಾರ, ಶುಕ್ರವಾರ ಮೇಲ್ ತೆರೆದವರಿಗೆ ಭಾನುವಾರ. ಹಾಗಾಗಿ ‘ನವೆಂಬರ್ 15, ಶನಿವಾರ’ ಎಂದು ತಾರೀಖೂ ವಾರವೂ ಎರಡೂ ಬೇಕು. ಒಂದು ತಪ್ಪಾದರೆ ಇನ್ನೊಂದರಿಂದ ಗೊತ್ತಾಗುತ್ತದೆ. ‘ದುರ್ಗ’ ಇಲ್ಲಿಯವರಿಗೆ ಚಿತ್ರದುರ್ಗವೇ, ಆದರೆ ಮೇಲ್‌ನಲ್ಲಿ ಪೂರ್ತಿ ಹೆಸರು ಬರಲಿ. ‘ಆ ಹುಡುಗ’ ಯಾರೆಂದು ಮ್ಯಾನೇಜರ್‌ಗೆ ಗೊತ್ತು, ಎಚ್‌ಆರ್‌ಗೆ ಗೊತ್ತಿಲ್ಲ. ಹೆಸರು, ಹುದ್ದೆ, ಫೋನ್ ನಂಬರ್ ಮೂರೂ ಬೇಕು. ಅಂದಹಾಗೆ ಮೇಲ್‌ಗೆ ಬಂದ ಕೂಡಲೇ ಹುಡುಗ ‘ಅವರು’ ಆಗುತ್ತಾರೆ, ಡ್ರೈವರ್ ಕೂಡ. ಮೂರನೆಯವರು ಓದುವ ಕಡೆ ಏಕವಚನ ಬೇಡ.

ಇನ್ನು ‘ಪಂಚರ್ ಆಗಿತ್ತಂತೆ’. ಈ ಬಾಲದ ‘ಅಂತೆ’ಯನ್ನು ತೀಡಿ ನಯಮಾಡುವಾಗ ಕತ್ತರಿಸಿಬಿಡುವುದು ತುಂಬಾ ಸುಲಭ: ‘ಭರಮಸಾಗರದ ಬಳಿ ಲಾರಿ ಪಂಚರ್ ಆಗಿತ್ತು.’ ಓದಲು ಚೆನ್ನಾಗಿದೆ, ಆದರೆ ವಿಷಯವೇ ಬದಲಾಯಿತು. ಸೂಪರ್‌ವೈಸರ್ ಪಂಚರ್ ನೋಡಿಲ್ಲ, ಡ್ರೈವರ್ ಹೇಳಿದ್ದನ್ನು ಕೇಳಿದ್ದಾರೆ. ನಾಳೆ ತಡವಾದ ಕಾರಣಕ್ಕೆ ಬಾಡಿಗೆಯ ತಕರಾರು ಬಂದರೆ, ‘ನಿಮ್ಮ ಗೋಡೌನಿನವರೇ ಪಂಚರ್ ಎಂದು ಬರೆದಿದ್ದಾರಲ್ಲ’ ಎಂದು ಈ ಸಾಲನ್ನೇ ಎತ್ತಿ ತೋರಿಸುತ್ತಾರೆ. ಸರಿಯಾದ ರೂಪ: ‘ಭರಮಸಾಗರದ ಬಳಿ ಪಂಚರ್ ಆಗಿತ್ತೆಂದು ಚಾಲಕರು ಹೇಳಿದ್ದಾರೆ.’ ಯಾರು ಹೇಳಿದ್ದು ಎನ್ನುವುದು ಉಳಿಯಬೇಕು.

ಅಂದಾಜಿನ ಕತೆಯೂ ಇದೇ. ‘ಹತ್ರತ್ರ 180’ ಮೇಲ್‌ಗೆ ಬರುವಾಗ ‘180 ಚೀಲ’ ಆಗಿಬಿಡುತ್ತದೆ, ಅಲ್ಲಿಂದ ಮುಂದೆ ಯಾರೋ 300ರಲ್ಲಿ ಕಳೆದು ‘ಬಾಕಿ 120’ ಎಂದು ಖಡಕ್ಕಾಗಿ ಬರೆಯುತ್ತಾರೆ. ಒಂದು ಅಂದಾಜಾದರೆ ಎರಡೂ ಅಂದಾಜೇ. ‘ಸುಮಾರು 180’ ಎಂದರೆ ಉಳಿದದ್ದೂ ‘ಸುಮಾರು 120’. ಇಳಿಸಿದ ಚೀಲದ ಅಟ್ಟಿಯ ಮುಂದೆ ನಿಂತು ಎಣಿಸುವಷ್ಟು ಸಮಯವಿದ್ದರೆ ಎಣಿಸಿ ‘ಸುಮಾರು’ ತೆಗೆಯಿರಿ. ಎಣಿಸದೆ ತೆಗೆಯಬೇಡಿ.

‘ಕೆಲವು ಚೀಲ 16ರ ಮೇಲೆ’ ಎನ್ನುವಲ್ಲಿ ನಿಜವಾದ ತೂತು ಇದೆ. ಎಷ್ಟು ಚೀಲ ನೋಡಿದ್ದು, ಎಷ್ಟರಲ್ಲಿ ಹೆಚ್ಚು ಬಂದದ್ದು, ನೋಡಿದ್ದು ಇಳಿಸಿದ ಚೀಲವೋ ಲಾರಿ ಮೇಲಿನದೋ? ಬೆಂಗಳೂರಿನಲ್ಲಿ ಕೂತವರ ತೀರ್ಮಾನ ನಿಂತಿರುವುದೇ ಈ ಉತ್ತರದ ಮೇಲೆ. ಇಂಥ ತೂತನ್ನು ರಿಜಿಸ್ಟರ್ ನೋಡಿ ತುಂಬಬಹುದು, ಊಹೆಯಿಂದ ತುಂಬಬಾರದು. ರಿಜಿಸ್ಟರಿನಲ್ಲಿ ‘ಇಳಿಸಿದ್ದರಲ್ಲಿ 10 ಚೀಲ ನೋಡಿದೆ, 4ರಲ್ಲಿ 16% ಮೇಲೆ’ ಎಂದಿದ್ದರೆ ಅದನ್ನೇ ಹಾಕಿ. ಬರೆದಿಟ್ಟುಕೊಂಡಿಲ್ಲವೇ? ಹಾಗಾದರೆ ‘ಪರೀಕ್ಷಿಸಿದ ಕೆಲವು ಚೀಲಗಳಲ್ಲಿ’ ಎಂದಷ್ಟೇ ಬರೆಯಿರಿ. ಹತ್ತಕ್ಕೆ ನಾಲ್ಕು ಎಂದರೆ ಶೇಕಡ ನಲವತ್ತು, ಅಂದರೆ 300ರಲ್ಲಿ 120 ಚೀಲ ಕೆಟ್ಟವು ಎಂಬ ಲೆಕ್ಕ ಮಾತ್ರ ಖಂಡಿತ ಬೇಡ. ಆ ಲೆಕ್ಕ ಸಂದೇಶದಲ್ಲಿ ಇರಲಿಲ್ಲ, ಹತ್ತು ಚೀಲ ನೋಡಿ ಮುನ್ನೂರರ ಜಾತಕ ಹೇಳಲೂ ಆಗದು.

ತೇವಾಂಶ 14% ಮೀರಬಾರದು ಎಂಬ ಮಿತಿಯ ಮಾತೂ ಚಾಟಿನಲ್ಲಿಲ್ಲ. ಅದನ್ನು ಸೇರಿಸಬಹುದೇ? ಸೇರಿಸಬಹುದು, ಸೇರಿಸಬೇಕು ಕೂಡ. ಬೆಂಬಲ ಬೆಲೆಯ ಖರೀದಿಯಲ್ಲೂ ಮೆಕ್ಕೆಜೋಳಕ್ಕೆ 14% ತೇವಾಂಶವೇ ಗರಿಷ್ಠ, ನಿಮ್ಮ ಆರ್ಡರಿನಲ್ಲೂ ಅದೇ ಇದ್ದರೆ ‘16 ಬಂತು, ಏನು ಮಾಡಲಿ’ ಎಂಬ ಪ್ರಶ್ನೆ ಹುಟ್ಟಿದ್ದೇ ಅದರಿಂದ. ಕಳಿಸಿದವರಿಗೂ ಓದಿದವರಿಗೂ ಗೊತ್ತಿದ್ದರಿಂದ ಹೇಳಲಿಲ್ಲ, ಅಷ್ಟೇ. ಇಬ್ಬರಿಗೂ ಗೊತ್ತಿದ್ದು ಬಾಯಿಬಿಡದೆ ಉಳಿದದ್ದನ್ನು ಬರೆಯುವುದು ಸ್ಪಷ್ಟತೆ. ಇಬ್ಬರೂ ಹೇಳದ, ಇಬ್ಬರಿಗೂ ಗೊತ್ತಿಲ್ಲದ್ದನ್ನು ಬರೆಯುವುದು ಕಟ್ಟುಕತೆ. ಆರ್ಡರನ್ನು ತೆರೆದು ಅಂಕಿ ಒಮ್ಮೆ ನೋಡಿಯೇ ಬರೆಯಿರಿ. ಹಸಿ ಜೋಳ ಅಟ್ಟಿಯಲ್ಲಿ ಕಾವು ಏರಿ ಬೂಸಲು ಹಿಡಿಯುತ್ತದೆ ಎಂಬ ಪಾಠ ಬೇಡ, ಈ ವ್ಯಾಪಾರದಲ್ಲಿರುವ ಎಲ್ಲರಿಗೂ ಅದು ತಿಳಿದದ್ದೇ.

ಇಮೋಜಿಯನ್ನೂ ಅನುವಾದಿಸಬೇಕು

ಮೇಲ್‌ನಲ್ಲಿ ಇಮೋಜಿ ಬಿಡುವುದು ಸರಿ, ಆದರೆ ಬಿಡುವ ಮೊದಲು ಅದು ಏನು ಕೆಲಸ ಮಾಡುತ್ತಿತ್ತೆಂದು ನೋಡಿ. ‘ನಾ ಬರಲ್ಲ ಸರ್’ ಎಂಬುದರ ಕೊನೆಯ ಕೈಮುಗಿತವೇ ಅಲ್ಲಿನ ವಿನಂತಿ. ಅದನ್ನು ತೆಗೆದು ‘ಶನಿವಾರ ನಾನು ಬರುವುದಿಲ್ಲ’ ಎಂದಷ್ಟೇ ಬರೆದರೆ ಉದ್ಧಟತನವಾಗಿ ಕೇಳಿಸುತ್ತದೆ. ಆ ಕೈಮುಗಿತ ‘ದಯವಿಟ್ಟು ಅನುಮತಿ ಕೊಡಿ’ ಎಂಬ ಮಾತಾಗಿ ಬರಬೇಕು.

ಮೊದಲ ಸಂದೇಶದ ಬೆವರಿಳಿಸುವ ಮುಖ ಬೇರೆ. ಅದು ಬರೀ ‘ಸಾಕಾಯ್ತು ನೋಡ್ರಿ’ ಎಂಬ ಉಸ್ಸಪ್ಪ. ಅದನ್ನು ‘ತಡವಾದುದಕ್ಕೆ ಕ್ಷಮೆ ಕೋರುತ್ತೇನೆ’ ಎಂದು ಮಾಡಿದರೆ ಲಾರಿ ತಡವಾದ ಹೊಣೆ ಸೂಪರ್‌ವೈಸರ್ ತಲೆಗೆ ಬಂದು ಕೂರುತ್ತದೆ. ಅದನ್ನು ಸುಮ್ಮನೆ ಬಿಟ್ಟುಬಿಡಿ.

‘ಡ್ರೈವರ್ ಕೂಗಾಡ್ತಿದಾನೆ’ ಎಂಬುದರಲ್ಲಿ ಬೇಸರವೂ ಇದೆ, ಸಂಗತಿಯೂ ಇದೆ. ಲಾರಿ ನಿಂತಿದೆ, ಅವರು ಹೊರಡಲು ಅವಸರ ಮಾಡುತ್ತಿದ್ದಾರೆ ಎನ್ನುವುದು ಸಂಗತಿ. ಅಷ್ಟು ಬರೆಯಿರಿ. ‘ಚಾಲಕರು ಅಸಭ್ಯವಾಗಿ ವರ್ತಿಸಿದರು’ ಎಂದು ಬರೆದರೆ ಅದು ದೂರಾಯಿತು, ದೂರಿಗೆ ವಿಚಾರಣೆ ನಡೆಯುತ್ತದೆ. ‘ಹಾಲ್ಟಿಂಗ್ ಚಾರ್ಜ್ ಕೇಳುತ್ತಿದ್ದಾರೆ’ ಎಂದು ಬರೆದರೆ ಅವರು ಕೇಳದ ದುಡ್ಡನ್ನು ನೀವೇ ನೆನಪಿಸಿದಂತಾಯಿತು.

ತಯಾರಾದ ಮೇಲ್

> To: ಮ್ಯಾನೇಜರ್
> Cc: ಪರ್ಚೇಸ್ ವಿಭಾಗ
> Subject: ತೀರ್ಮಾನ ಬೇಕು: ಲೋಡ್ 4127, ಉಳಿದ ಸುಮಾರು 120 ಚೀಲ ಇಳಿಸಬೇಕೇ?
>
> ಸರ್, ನಮಸ್ಕಾರ.
>
> ಚಿತ್ರದುರ್ಗದಿಂದ ಇಂದು, ನ. 13ರಂದು ಬಂದ 4127 ನಂಬರಿನ ಲಾರಿಯಲ್ಲಿ ಇನ್ನೂ ಸುಮಾರು 120 ಚೀಲ ಮೆಕ್ಕೆಜೋಳ ಉಳಿದಿದೆ. ಅದನ್ನು ಇಳಿಸಬೇಕೇ, ಬೇಡವೇ ದಯವಿಟ್ಟು ತಿಳಿಸಿ. ಹಮಾಲರು ನ. 14, ಶುಕ್ರವಾರ ಬೆಳಿಗ್ಗೆ 8ಕ್ಕೆ ಬರುತ್ತಾರೆ. ಅಷ್ಟರೊಳಗೆ ತಿಳಿದರೆ ಅನುಕೂಲ.
>
> ಇಳಿಸಿದ ಚೀಲಗಳಲ್ಲಿ 10 ಚೀಲದ ತೇವಾಂಶ ನೋಡಿದ್ದೇನೆ. 4ರಲ್ಲಿ 16%ಕ್ಕಿಂತ ಹೆಚ್ಚು ಬಂದಿದೆ. ಆರ್ಡರಿನಲ್ಲಿರುವ ಮಿತಿ 14%.
>
> ಬೆಳಿಗ್ಗೆ ಬರಬೇಕಿದ್ದ ಲಾರಿ ಮಧ್ಯಾಹ್ನ 3.30ಕ್ಕೆ ಬಂತು. ಭರಮಸಾಗರದ ಬಳಿ ಪಂಚರ್ ಆಗಿತ್ತೆಂದು ಚಾಲಕರು ಹೇಳಿದ್ದಾರೆ. ಒಟ್ಟು 300 ಚೀಲಗಳಲ್ಲಿ ಸಂಜೆ 6ರವರೆಗೆ ಸುಮಾರು 180 ಇಳಿದಿವೆ. ಲಾರಿ ನಿಂತೇ ಇದೆ, ಬೇಗ ಬಿಡಿ ಎಂದು ಚಾಲಕರು ಒತ್ತಾಯಿಸುತ್ತಿದ್ದಾರೆ.
>
> ವಂದನೆಗಳು,
> (ಹೆಸರು), ಗೋಡೌನ್ ಸೂಪರ್‌ವೈಸರ್, ದಾವಣಗೆರೆ
> (ಫೋನ್)

ಸಬ್ಜೆಕ್ಟ್ ಸಾಲನ್ನು ಗಮನಿಸಿ. ಮೊಬೈಲಿನಲ್ಲಿ ಮೇಲ್ ಪಟ್ಟಿ ನೋಡುವಾಗ ಈ ಸಾಲಿನ ಮೊದಲ ಕೆಲವೇ ಪದಗಳು ಕಾಣುತ್ತವೆ. ಆದ್ದರಿಂದ ‘ತೀರ್ಮಾನ ಬೇಕು’ ಮೊದಲು, ಆಮೇಲೆ ಮುಂದೆ ಹುಡುಕಲು ಬೇಕಾಗುವ ಲಾರಿ ನಂಬರ್. ‘ಲೋಡ್ ಬಗ್ಗೆ’, ‘ಅರ್ಜೆಂಟ್’, ‘ಮಾಹಿತಿ’ ಎಂದೆಲ್ಲ ಹಾಕಿದರೆ ವಾರಕ್ಕೆ ಅಂಥವು ಹತ್ತು ಸೇರಿ ಯಾವುದು ಯಾವುದೆಂದು ತಿಳಿಯದು.

ಮೇಲಿನ ಮೇಲ್‌ನಲ್ಲಿ ‘8ರೊಳಗೆ’ ಎಂಬ ಗಡುವು ಎಲ್ಲಿಂದ ಬಂತು ಎಂದು ಕೇಳಬಹುದು. ಹಮಾಲರು 8ಕ್ಕೆ ಬರುತ್ತಾರೆಂದು ಸಂದೇಶದಲ್ಲೇ ಇತ್ತು. ಅದನ್ನು ಪ್ರಶ್ನೆಯ ಪಕ್ಕಕ್ಕೆ ತಂದು ಕೂರಿಸಿದ್ದಷ್ಟೇ ಇಲ್ಲಿ ಆದದ್ದು. ಮ್ಯಾನೇಜರ್‌ಗೆ ಗಡುವು ಹೇಳುವುದು ಮುಜುಗರ ಎಂದು ಹಿಂಜರಿಯುವವರಿಗೆ ಇದೇ ದಾರಿ: ‘8ರೊಳಗೆ ಹೇಳಿ’ ಎಂದು ಅಪ್ಪಣೆ ಮಾಡದೆ, 8ಕ್ಕೆ ಏನಾಗುತ್ತದೆಂದು ಹೇಳಿದರೆ ಗಡುವು ತಾನೇ ಅರ್ಥವಾಗುತ್ತದೆ.

ರಜೆಯ ಮೇಲ್ ಚಿಕ್ಕದು:

> Subject: ರಜೆ ಕೋರಿಕೆ: ನ. 15, ಶನಿವಾರ
>
> ಸರ್, ನಮಸ್ಕಾರ.
>
> ಹರಿಹರದಲ್ಲಿ ಮದುವೆ ಇರುವುದರಿಂದ ನ. 15, ಶನಿವಾರ ನನಗೆ ರಜೆ ಬೇಕಿದೆ. ದಯವಿಟ್ಟು ಅನುಮತಿ ಕೊಡಿ. ಅಂದು ಗೋಡೌನ್ ನೋಡಿಕೊಳ್ಳಲು ಸ್ಟೋರ್ ಸಹಾಯಕರಿಗೆ (ಹೆಸರು, ಫೋನ್) ಹೇಳಿದ್ದೇನೆ, ಅವರು ನೋಡಿಕೊಳ್ಳುತ್ತಾರೆ.
>
> ವಂದನೆಗಳು,
> (ಹೆಸರು)

ಇಲ್ಲಿ ‘ಹತ್ತಿರದ ಸಂಬಂಧಿಕರ ಮದುವೆ’, ‘ಹೋಗದಿದ್ದರೆ ಆಗುವುದೇ ಇಲ್ಲ’ ಎಂದೆಲ್ಲ ಬಣ್ಣ ಹಚ್ಚುವ ಆಸೆಯಾಗುತ್ತದೆ. ಸಂದೇಶದಲ್ಲಿ ಮದುವೆ ಎಂದಷ್ಟೇ ಇತ್ತು, ಒಂದು ದಿನದ ರಜೆಗೆ ಅಷ್ಟು ಸಾಕು.

ಇನ್ನೊಂದು ಕಡೆಗೆ ಜಾರುವುದು

‘ಮೇಲ್ ಹಾಕಿ’ ಎಂದ ಕೂಡಲೇ ನಮ್ಮಲ್ಲಿ ಹಲವರ ಕೈಗೆ ತಾಲ್ಲೂಕು ಕಚೇರಿಯ ಅರ್ಜಿ ಭಾಷೆ ಬಂದುಬಿಡುತ್ತದೆ. ಶಾಲೆಯಲ್ಲಿ ಕಲಿತ ಪತ್ರಲೇಖನ ಅದೊಂದೇ ಆಗಿರುವುದರಿಂದ ಇದು ಸಹಜ. ಫಲ ಮಾತ್ರ ಹೀಗಿರುತ್ತದೆ:

> ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಸದರಿ ಲಾರಿಯು ವಿಳಂಬವಾಗಿ ಆಗಮಿಸಿದ್ದು, ಭಾಗಶಃ ಚೀಲಗಳನ್ನು ಇಳಿಸಲಾಗಿರುತ್ತದೆ. ತೇವಾಂಶವು ಅಧಿಕವಾಗಿ ಕಂಡುಬಂದಿರುತ್ತದೆ. ಆದ್ದರಿಂದ ಮುಂದಿನ ಸೂಕ್ತ ಕ್ರಮಕ್ಕಾಗಿ ತಮ್ಮಲ್ಲಿ ಕೋರಲಾಗಿದೆ.

ಗಂಭೀರವಾಗಿ ಕಾಣುತ್ತದೆ, ಒಳಗೆ ಏನೂ ಇಲ್ಲ. ಎಷ್ಟು ಹೊತ್ತು ವಿಳಂಬ? ಎಷ್ಟು ಚೀಲ ಇಳಿಯಿತು? ಅಧಿಕ ಎಂದರೆ ಎಷ್ಟು? ಅಳೆದದ್ದು ಯಾರು? ‘ಕಂಡುಬಂದಿರುತ್ತದೆ’ ಎಂದರೆ ಯಾರಿಗೋ ಕಂಡಿತು. ‘ಸೂಕ್ತ ಕ್ರಮ’ ಎಂದರೆ ಇಳಿಸುವುದೋ ವಾಪಸ್ ಕಳಿಸುವುದೋ? ‘ಇಳಿಸ್ಲಾ ಬೇಡ್ವಾ’ ಎಂಬ ಮೂಲ ಮಾತು ಇದಕ್ಕಿಂತ ಎಷ್ಟೋ ಮೇಲು, ಅದಕ್ಕೆ ಹೌದು ಅಥವಾ ಬೇಡ ಎಂದು ಉತ್ತರಿಸಬಹುದು. ಆಫೀಸ್ ಮೇಲ್ ಇಂಗ್ಲಿಷಿನಲ್ಲಿ ನಡೆಯುವ ಕಡೆ ಇದರ ಅಣ್ಣ ‘ಪ್ಲೀಸ್ ಡು ದಿ ನೀಡ್‌ಫುಲ್’. ಅದರಲ್ಲೂ ಕೇಳಿದ್ದೇನೆಂದು ತಿಳಿಯದು.

ಹೀಗೆ ಜಾರಿದ್ದೀರೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆಯಿದೆ. ಮೇಲ್ ಬರೆದ ಮೇಲೆ ಚಾಟಿನ ಸಂದೇಶ ತೆರೆದು, ಅದರಲ್ಲಿರುವ ಪ್ರತಿ ಅಂಕಿ, ಪ್ರತಿ ಊರು, ಪ್ರತಿ ವ್ಯಕ್ತಿ ಮೇಲ್‌ನಲ್ಲಿ ಇದ್ದಾರೆಯೇ ಎಂದು ಬೆರಳಿಟ್ಟು ನೋಡಿ. ನಮ್ಮ ಉದಾಹರಣೆಯಲ್ಲಿ 4127, ಮೂರೂವರೆ, 300, 180, 6, 8, 16 ಎಲ್ಲವೂ ಬಂದಿವೆ. ಆಮೇಲೆ ಉಲ್ಟಾ ಹೋಗಿ: ಮೇಲ್‌ನಲ್ಲಿದ್ದು ಸಂದೇಶದಲ್ಲಿ ಇಲ್ಲದ್ದು ಯಾವುದು? 10, 4, 14, ಮತ್ತು 120. ಮೊದಲ ಎರಡು ರಿಜಿಸ್ಟರಿನಿಂದ, ಮೂರನೆಯದು ಆರ್ಡರಿನಿಂದ, ಕೊನೆಯದು ಕಳೆಯುವ ಲೆಕ್ಕದಿಂದ ಬಂದದ್ದು. ಪ್ರತಿಯೊಂದೂ ಎಲ್ಲಿಂದ ಬಂತೆಂದು ಹೇಳಲು ಆದರೆ ಸರಿ. ಹೇಳಲಾಗದ್ದು ಉಳಿದರೆ ಅದನ್ನು ಅಳಿಸಿ.

ಕಳಿಸುವ ಹೊತ್ತಿಗೆ

ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವವರು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದು ಮೇಲ್‌ಗೆ ಅಂಟಿಸಿದರೆ, ಆ ಫಾಂಟ್ ಇಲ್ಲದ ಕಡೆ ಅಕ್ಷರಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳಾಗಿ ಕಾಣುತ್ತವೆ. ಅನುಮಾನವಿದ್ದರೆ ಮೊದಲು ನಿಮಗೇ ಕಳಿಸಿಕೊಂಡು ಫೋನಿನಲ್ಲಿ ತೆರೆದು ನೋಡಿ. ಫೋನಿನ ಕನ್ನಡ ಕೀಬೋರ್ಡಿನಲ್ಲಿ ಬರೆದದ್ದಕ್ಕೆ ಈ ತೊಂದರೆ ಇಲ್ಲ.

ತೇವಾಂಶ ಮೀಟರಿನ ಫೋಟೋ ಇದ್ದರೆ ಗ್ಯಾಲರಿಯಿಂದ ಮೂಲ ಫೋಟೋವನ್ನೇ ಲಗತ್ತಿಸಿ. ವಾಟ್ಸಾಪಿನಲ್ಲಿ ಹೋಗಿ ಬಂದ ಪ್ರತಿ ಸಾಮಾನ್ಯವಾಗಿ ಕುಗ್ಗಿರುತ್ತದೆ, ಮೀಟರಿನ ಅಂಕಿ ಮಸುಕಾಗಬಹುದು. ಫೈಲಿಗೆ `load-4127-13nov.jpg` ಎಂಬಂಥ ಹೆಸರು ಕೊಟ್ಟರೆ ಮುಂದೆ ಸಿಗುತ್ತದೆ. ಜಿಮೇಲ್‌ನಲ್ಲಿ ಒಂದು ಮೇಲ್‌ಗೆ ಒಟ್ಟು 25 ಎಂಬಿವರೆಗೆ ಲಗತ್ತಿಸಬಹುದು, ನಾಲ್ಕೈದು ಫೋಟೋಗೆ ಸಾಮಾನ್ಯವಾಗಿ ಅಷ್ಟು ಸಾಕು. ಫೋಟೋ ಮೊದಲು ಲಗತ್ತಿಸಿ ಆಮೇಲೆ ಬರೆಯುವುದು ಒಳ್ಳೆಯದು. `To` ಸ್ಥಳವನ್ನು ಎಲ್ಲಕ್ಕಿಂತ ಕೊನೆಗೆ ತುಂಬಿದರೆ ಅರ್ಧ ಬರೆದ ಮೇಲ್ ಕೈತಪ್ಪಿ ಹೋಗುವುದಿಲ್ಲ.

ಮೇಲ್ ಹೋದರೂ ಬೆಳಿಗ್ಗೆ 8ರೊಳಗೆ ಮ್ಯಾನೇಜರ್ ಅದನ್ನು ತೆರೆಯುತ್ತಾರೆಂದು ನಂಬಿ ಕೂರಬಾರದು. ವಾಟ್ಸಾಪಿನಲ್ಲಿ ‘ಸರ್, 4127ರ ಮೇಲ್ ಕಳಿಸಿದೀನಿ, ಅದ್ರಲ್ಲೇ ರಿಪ್ಲೈ ಮಾಡ್ರಿ’ ಎಂದು ಒಂದು ಸಾಲು ಹಾಕಿ. ಅವರು ಫೋನಿನಲ್ಲೇ ‘ಇಳಿಸಬೇಡಿ’ ಎಂದುಬಿಟ್ಟರೆ, ನೀವೇ ಆ ಮೇಲ್‌ಗೆ `Reply all` ಒತ್ತಿ ಬರೆಯಿರಿ: ‘ಇಂದು ರಾತ್ರಿ 8.15ಕ್ಕೆ ಫೋನಿನಲ್ಲಿ ತಾವು ತಿಳಿಸಿದಂತೆ ಉಳಿದ ಚೀಲಗಳನ್ನು ಇಳಿಸುವುದಿಲ್ಲ.’ ಇಲ್ಲವಾದರೆ ಪ್ರಶ್ನೆ ಮೇಲ್‌ನಲ್ಲಿ, ಉತ್ತರ ಗಾಳಿಯಲ್ಲಿ.

ವಾಟ್ಸಾಪಿನಲ್ಲಿ ಕಳಿಸಿದ್ದನ್ನು 15 ನಿಮಿಷದೊಳಗೆ ತಿದ್ದಬಹುದು. ಮೇಲ್‌ನಲ್ಲಿ ಆ ಅವಕಾಶವಿಲ್ಲ. ಶುಕ್ರವಾರ ಬೆಳಿಗ್ಗೆ ಅಟ್ಟಿ ಎಣಿಸಿದಾಗ ಇಳಿದದ್ದು 174 ಎಂದು ಗೊತ್ತಾದರೆ, ಹೊಸ ಮೇಲ್ ತೆಗೆಯಬೇಡಿ, ಹಳೆಯದನ್ನು ತಿದ್ದಿ ಮತ್ತೆ ಕಳಿಸಲೂ ಬೇಡಿ. ಎರಡು ಪ್ರತಿ ಓಡಾಡಲು ಶುರುವಾದರೆ ಪರ್ಚೇಸ್‌ನವರ ಬಳಿ 180, ಅಕೌಂಟ್ಸ್‌ನವರ ಬಳಿ 174 ಉಳಿಯುತ್ತದೆ. ಅದೇ ಮೇಲ್‌ಗೆ ಎಲ್ಲರಿಗೂ ಉತ್ತರವಾಗಿ, ಮೊದಲ ಸಾಲಿನಲ್ಲೇ ಬರೆಯಿರಿ: ‘ತಿದ್ದುಪಡಿ: ನ. 14ರ ಬೆಳಿಗ್ಗೆ ಎಣಿಸಿದಂತೆ ಇಳಿದದ್ದು 174 ಚೀಲ, ಲಾರಿಯಲ್ಲಿರುವುದು 126. ನಿನ್ನೆ ಬರೆದ 180 ಮತ್ತು 120 ಅಂದಾಜು.’